ಎಳೆತದಲ್ಲಿ ಕತ್ತು ಮೂಡುವ ಗಳಿಗೆ: ಕಾನ್ಸಿಡೇರ್‌ನಿಂದ ಲುಡ್ವಿಕ್‌ವರೆಗೆ

ಇಂದಿನ ಪಠ್ಯಪುಸ್ತಕಗಳು ನೈಜ ಪೀಡನ ಮತ್ತು ನೈಜ ವಿಕೃತಿಯನ್ನು ಮೊದಲು ಹೇಳಿಕೊಟ್ಟು, ಅವುಗಳಿಂದ ನೆಕ್ಕಿಂಗ್‌ನ ನಿಯಮವನ್ನು ಹೊರಡಿಸುತ್ತವೆ. ಇತಿಹಾಸ ನಡೆದದ್ದು ಬೇರೆ ಕ್ರಮದಲ್ಲಿ. ಫ್ರಾನ್ಸಿನ ಎಂಜಿನಿಯರ್ ಅರ್ಮಾಂಡ್ ಕಾನ್ಸಿಡೇರ್ 1885ರಲ್ಲಿ ಕಬ್ಬಿಣ, ಉಕ್ಕುಗಳ ಬಳಕೆ ಕುರಿತ ಪ್ರಬಂಧದಲ್ಲಿ ಈ ನಿಯಮವನ್ನು ಕೊಟ್ಟ. ನೈಜ ವಿಕೃತಿ ಲೋಹಶಾಸ್ತ್ರದಲ್ಲಿ ನೆಲೆಯೂರಿದ್ದು ಪಾಲ್ ಲುಡ್ವಿಕ್‌ನ 1909ರ ಪುಸ್ತಕದ ನಂತರ.

ಸರಳನ್ನು ಎಳೆದಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಲೋಹ ಗಟ್ಟಿಯಾಗುತ್ತ ಹೋಗುತ್ತದೆ, ಅಡ್ಡಕೊಯ್ತದ ವಿಸ್ತೀರ್ಣ ಕುಗ್ಗುತ್ತ ಹೋಗುತ್ತದೆ. ಎಲ್ಲೋ ಒಂದೆಡೆ ಸರಳು ತುಸು ಹೆಚ್ಚು ಸಣಕಲಾದರೂ, ಆ ಭಾಗ ಗಟ್ಟಿಯಾಗುವುದು ಕುಗ್ಗುವುದಕ್ಕಿಂತ ವೇಗವಾಗಿದ್ದರೆ ಹಿಗ್ಗುವ ಸರದಿ ಪಕ್ಕದ ಭಾಗಕ್ಕೆ ಹೋಗುತ್ತದೆ. ಎರಡೂ ಸಮವಾದಾಗ ಭಾರ ಗರಿಷ್ಠ ಮಟ್ಟ ಮುಟ್ಟುತ್ತದೆ. ಅದರಾಚೆ ಸಣಕಲಾದ ಜಾಗವೇ ಮತ್ತಷ್ಟು ಸಣಕಲಾಗುತ್ತದೆ.

ಕಾನ್ಸಿಡೇರ್ ಇದನ್ನು ರೇಖಾಚಿತ್ರದಲ್ಲಿ ಹಿಡಿದ. ನೈಜ ಪೀಡನವನ್ನು ಎಂಜಿನಿಯರಿಂಗ್ ವಿಕೃತಿಯ ಎದುರು ಗುರುತಿಸಿ, ಅಡ್ಡ ಅಕ್ಷದಲ್ಲಿ −1 ಇರುವ ಬಿಂದುವಿನಿಂದ ವಕ್ರರೇಖೆಗೆ ಸ್ಪರ್ಶರೇಖೆ ಎಳೆದರೆ, ಅದು ತಾಗುವಲ್ಲಿ ನೆಕ್ಕಿಂಗ್ ಶುರು. ಆ ವಿಚಿತ್ರ −1 ಬಂದದ್ದು ವಿಕೃತಿಯನ್ನು ಮೂಲ ಉದ್ದಕ್ಕೇ ಹೋಲಿಸಿ ಅಳೆದದ್ದರಿಂದ. ಆಯಾ ಕ್ಷಣದ ಉದ್ದಕ್ಕೆ ಹೋಲಿಸಿ ಅಳೆದು ಕೂಡಿಸಿದ ಲಾಗರಿದಮ್ ರೂಪದ ವಿಕೃತಿ ಬಂದಮೇಲೆ ಅದು ಮಾಯವಾಯಿತು. ಗಾತ್ರ ಬದಲಾಗದೆಂದು ಒಪ್ಪಿದರೆ ನಿಯಮ ಇಷ್ಟೇ:

dσ/dε = σ

ಮೆದುಗೊಳಿಸಿದ ಕಡಿಮೆ ಇಂಗಾಲದ ಉಕ್ಕಿಗೆ σ = 530 ε^0.26 (ಮೆಗಾಪ್ಯಾಸ್ಕಲ್‌ಗಳಲ್ಲಿ) ಎಂದಿಟ್ಟುಕೊಳ್ಳೋಣ. ε 0.20 ಇದ್ದಾಗ ಪೀಡನ 349, ಇಳಿಜಾರು 453, ಸರಳು ಸುರಕ್ಷಿತ. 0.30ರಲ್ಲಿ ಪೀಡನ 388, ಇಳಿಜಾರು 336. ಕತ್ತು ಆಗಲೇ ಮೂಡಿರುತ್ತದೆ. ಎರಡೂ ಕೂಡುವುದು 0.26ರಲ್ಲಿ, ಅಂದರೆ ಸೂತ್ರದ ಘಾತಾಂಕದಲ್ಲೇ. ಆಗ ನೈಜ ಪೀಡನ 373. ಆದರೆ ಮೂಲ ವಿಸ್ತೀರ್ಣದಿಂದ ಭಾಗಿಸುವ ಪರೀಕ್ಷಾ ವರದಿಯಲ್ಲಿ ಕಾಣುವ ಗರಿಷ್ಠ ಪೀಡನ 288 ಮಾತ್ರ. ನನ್ನ ಮಟ್ಟಿಗೆ ಈ ಎರಡನೆಯ ಅಂಕಿ ಲೋಹದ ಗುಣಕ್ಕಿಂತ ಸರಳಿನ ಜ್ಯಾಮಿತಿಯನ್ನೇ ಹೆಚ್ಚು ಹೇಳುತ್ತದೆ.

ಕತ್ತು ಮೂಡಿದ ಮೇಲೆ ಅಳೆಯುವವರು ಎಡವುವುದು ಉದ್ದದಲ್ಲಿ. 50 ಮಿ.ಮೀ. ಗೇಜ್ ಉದ್ದ 71ಕ್ಕೆ ಬೆಳೆದರೆ ln(71/50) ಕೊಡುವ ವಿಕೃತಿ 0.35. ಅದೇ ಸರಳಿನ ವ್ಯಾಸ ಕತ್ತಿನಲ್ಲಿ 12.5ರಿಂದ 8 ಮಿ.ಮೀ.ಗೆ ಇಳಿದಿದ್ದರೆ, ಅಲ್ಲಿನ ನಿಜವಾದ ವಿಕೃತಿ 2 ln(12.5/8), ಅಂದರೆ 0.89. ಹಿಗ್ಗಿದ್ದು ಒಂದೇ ಜಾಗವಾದರೂ ಗೇಜ್ ಅದನ್ನು ಇಡೀ ಉದ್ದಕ್ಕೆ ಹಂಚಿಬಿಡುತ್ತದೆ. ವ್ಯಾಸ ಅಳೆದರೂ ಪೀಡನದ ತೊಡಕು ಉಳಿಯುತ್ತದೆ: ಕತ್ತಿನ ಬಾಗಿನಿಂದಾಗಿ ಒಳಗೆ ಅಡ್ಡ ದಿಕ್ಕುಗಳಲ್ಲೂ ಎಳೆತ ಹುಟ್ಟಿ, ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ ಅಂಕಿ ಲೋಹದ ಹರಿವಿನ ಪೀಡನಕ್ಕಿಂತ ಹೆಚ್ಚಾಗಿ ಬರುತ್ತದೆ. ಇದಕ್ಕೆ ಪರ್ಸಿ ಬ್ರಿಡ್ಜ್‌ಮನ್ 1940ರ ದಶಕದಲ್ಲಿ ಕೊಟ್ಟ ತಿದ್ದುಪಡಿಗೆ ಕತ್ತಿನ ವ್ಯಾಸದ ಜತೆಗೆ ಅದರ ಬಾಗಿನ ತ್ರಿಜ್ಯವೂ ಬೇಕು.