ಯಂತ್ರ ‘ಸಾರಿ’ ಅಂದಾಗ: ವಾಪಸ್ ಬಂದ ಇಮೇಲ್‌ನಿಂದ ಏರ್ ಕೆನಡಾ ತೀರ್ಪಿನವರೆಗೆ

ಇವತ್ತಿನ ಇತಿಹಾಸದಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ನಿಮ್ಮ ಫೋನಿಗೆ ವಾರಕ್ಕೆ ಎರಡು ಸಲ ಬರುವ ಒಂದು ಮೆಸೇಜಿನ ಕಥೆ ಇದು.

ರಾತ್ರಿ ಹನ್ನೊಂದು ಗಂಟೆ. ಖಾತೆಯಿಂದ ದುಡ್ಡು ಕಟ್ ಆಗಿದೆ, ಟಿಕೆಟ್ ಬಂದಿಲ್ಲ. ನೀವು ಕಂಪ್ಲೇಂಟ್ ಹಾಕ್ತೀರಿ. ಎರಡೇ ಸೆಕೆಂಡಿಗೆ ಉತ್ತರ: “ನಿಮ್ಮ ಆತಂಕ ನಮಗೆ ಅರ್ಥವಾಗುತ್ತದೆ. ನಮ್ಮ ತಂಡ ಶೀಘ್ರವೇ ನಿಮ್ಮನ್ನು ಸಂಪರ್ಕಿಸಲಿದೆ.” ಎರಡು ಸೆಕೆಂಡಲ್ಲಿ ಯಾರಿಗೆ ಏನು ಅರ್ಥ ಆಯ್ತು? ಶೀಘ್ರ ಅಂದ್ರೆ ಎಷ್ಟು ಹೊತ್ತು?

ಇಂಥ ವಾಕ್ಯಗಳನ್ನು ಬರೆಯೋದಕ್ಕೂ ಜನ ಇರ್ತಾರೆ. ಬೆಂಗಳೂರಲ್ಲಿ ಕೆಲವು ವರ್ಷ ನಾನೂ ಆ ಕೆಲಸ ಮಾಡಿದೀನಿ. ಅಲ್ಲಿ ಪ್ರತಿ ಮೀಟಿಂಗಿನಲ್ಲೂ ಇದೇ ಜಗಳ. ಒಬ್ಬರು “ಇನ್ನೂ ಆತ್ಮೀಯವಾಗಿ ಬರೀರಿ” ಅನ್ನೋರು, ಇನ್ನೊಬ್ಬರು “ಯಾವುದಕ್ಕೂ ಮಾತು ಕೊಡಬೇಡಿ” ಅನ್ನೋರು. ಇಬ್ಬರು ಹೇಳೋದೂ ಒಂದೇ ಉತ್ತರದಲ್ಲಿ ಕೂರುತ್ತಾ ಅನ್ನೋ ಪ್ರಶ್ನೆ ಸುಮಾರು ಅರವತ್ತು ವರ್ಷ ಹಳೆಯದು.

1966. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನೋ ಪ್ರೊಫೆಸರ್ ಎಲೈಜಾ ಅನ್ನೋ ಪ್ರೋಗ್ರಾಂ ಬಗ್ಗೆ ಲೇಖನ ಪ್ರಕಟಿಸಿದರು. ಅದು ಮನೋವೈದ್ಯರ ಹಾಗೆ ಮಾತಾಡ್ತಿತ್ತು. ನೀವು ಅಮ್ಮನ ವಿಷಯ ತೆಗೆದರೆ “ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ” ಅನ್ನೋದು. ಒಳಗೆ ತಿಳಿವಳಿಕೆ ಏನೂ ಇಲ್ಲ. ನಿಮ್ಮ ಮಾತಿನಲ್ಲಿ ಕೆಲವು ಪದ ಹುಡುಕಿ, ಅದೇ ಮಾತನ್ನು ತಿರುಗಿಸಿ ಪ್ರಶ್ನೆ ಮಾಡೋದು, ಅಷ್ಟೇ. ಆದರೂ ಅವರ ಸೆಕ್ರೆಟರಿ ಅದರ ಜೊತೆ ಸ್ವಲ್ಪ ಹೊತ್ತು ಮಾತಾಡಿ, ಪ್ರೊಫೆಸರನ್ನೇ ರೂಮಿಂದ ಆಚೆ ಹೋಗಿ ಅಂದರು. ಅವರು ಆ ಪ್ರೋಗ್ರಾಂ ಬರೆಯೋದನ್ನು ತಿಂಗಳುಗಟ್ಟಲೆ ಕಣ್ಣಾರೆ ನೋಡಿದವರು!

ಸಾಮಾನ್ಯವಾಗಿ ಈ ಕಥೆಯನ್ನು “ಮನುಷ್ಯರು ಎಷ್ಟು ಸುಲಭವಾಗಿ ಮೋಸ ಹೋಗ್ತಾರೆ ನೋಡಿ” ಅಂತ ಹೇಳ್ತಾರೆ. ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ಬೇರೆ. ವೈಜೆನ್‌ಬಾಮ್ ಮನೋವೈದ್ಯರ ಪಾತ್ರವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇತ್ತು. ಅಂಥ ವೈದ್ಯರು ಪ್ರಪಂಚದ ಬಗ್ಗೆ ಏನೂ ಗೊತ್ತಿಲ್ಲದವರ ಹಾಗೆ ಕೂತು ಕೇಳಬಹುದು. ಎಲೈಜಾ ಯಾರಿಗೂ ಯಾವ ಮಾತೂ ಕೊಡಬೇಕಾಗಿರಲಿಲ್ಲ. ಕಸ್ಟಮರ್ ಸಪೋರ್ಟಿಗೆ ಆ ಅನುಕೂಲ ಇಲ್ಲ. ಅಲ್ಲಿಗೆ ಬಂದವರಿಗೆ ದುಡ್ಡು ವಾಪಸ್ ಬೇಕು.

ಈಗ ಮೂವತ್ತು ವರ್ಷ ಮುಂದೆ ಬರೋಣ. ಡೇನಿಯಲ್ ಬರ್ನ್‌ಸ್ಟೈನ್ ಅನ್ನೋ ಗಣಿತಜ್ಞರು 1990ರ ದಶಕದ ನಡುವಿನಲ್ಲಿ ಕ್ಯೂಮೇಲ್ ಅನ್ನೋ ಮೇಲ್ ಸಾಫ್ಟ್‌ವೇರ್ ಬರೆದರು. ಆ ಕಾಲದಲ್ಲಿ ಇಮೇಲ್ ತಲುಪದಿದ್ದರೆ ವಾಪಸ್ ಬರ್ತಿದ್ದದ್ದು ಕೋಡ್ ನಂಬರುಗಳು ತುಂಬಿದ, ಓದಿದರೆ ತಲೆಬುಡ ತಿಳಿಯದ ಕಾಗದ. ಕ್ಯೂಮೇಲ್ ಮಾತ್ರ ಹೀಗೆ ಬರೀತಿತ್ತು:

```
Hi. This is the qmail-send program at example.com.
I'm afraid I wasn't able to deliver your message
to the following addresses.
This is a permanent error; I've given up.
Sorry it didn't work out.
```

ಇದನ್ನು ಓದಿದ ಹಳೇ ಕಂಪ್ಯೂಟರ್ ಮಂದಿ ಇವತ್ತಿಗೂ ನಗ್ತಾರೆ, ಪ್ರೀತಿಯಿಂದ. ಕನ್ನಡದಲ್ಲಿ ಹೇಳೋದಾದರೆ: “ಹಾಯ್, ನಾನು ಈ ಮೇಲ್ ಕಳಿಸೋ ಪ್ರೋಗ್ರಾಂ. ನಿಮ್ಮ ಪತ್ರವನ್ನು ಈ ವಿಳಾಸಗಳಿಗೆ ತಲುಪಿಸೋದಕ್ಕೆ ನನ್ನಿಂದ ಆಗಲಿಲ್ಲ. ಇದು ಸರಿಹೋಗೋ ತೊಂದರೆ ಅಲ್ಲ, ನಾನು ಕೈಬಿಟ್ಟಿದೀನಿ. ಆಗಲಿಲ್ಲ, ಸಾರಿ.”

ಒಂದೊಂದೇ ವಾಕ್ಯ ನೋಡಿ. ಮೊದಲನೆಯದು ‘ನಾನು ಪ್ರೋಗ್ರಾಂ’ ಅಂತ ಹೇಳಿಬಿಡುತ್ತೆ. ಯಾವುದೋ ಹುಡುಗಿಯ ಹೆಸರು, ನಗುಮುಖದ ಫೋಟೋ ಇಟ್ಟುಕೊಂಡು ಬರಲ್ಲ. ಎರಡನೆಯದು ಏನಾಯ್ತು ಅಂತ ಹೇಳುತ್ತೆ. ಮೂರನೆಯದು ನನಗೆ ತುಂಬಾ ಇಷ್ಟ: ‘ಕೈಬಿಟ್ಟಿದೀನಿ’. ಕೇಳೋಕೆ ಕಠಿಣ. ಆದರೆ ಓದಿದವರು ಇನ್ನು ಕಾಯಬೇಕಾಗಿಲ್ಲ. ಫೋನ್ ಮಾಡಬಹುದು, ಬೇರೆ ವಿಳಾಸ ಹುಡುಕಬಹುದು. ‘ಸಾರಿ’ ಬರೋದು ಕೊನೆಗೆ, ಹೇಳಬೇಕಾದದ್ದೆಲ್ಲ ಹೇಳಿದ ಮೇಲೆ.

ಈ ‘ಕೈಬಿಟ್ಟಿದೀನಿ’ ಹಿಂದೆ ಕೆಲಸವೂ ಇರ್ತಿತ್ತು. ತಾತ್ಕಾಲಿಕ ತೊಂದರೆಯಾದರೆ ಕ್ಯೂಮೇಲ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ, ಪ್ರತಿ ಸಲಕ್ಕೂ ನಡುವಿನ ಅಂತರ ಹೆಚ್ಚಿಸುತ್ತಾ. ಯಾರೂ ಸೆಟ್ಟಿಂಗ್ ಬದಲಿಸದೇ ಇದ್ದರೆ ಏಳು ದಿನ. ಆಮೇಲೂ ಆಗದಿದ್ದರೆ, “ಈ ಪತ್ರ ತುಂಬಾ ದಿನ ಸಾಲಲ್ಲೇ ಇತ್ತು, ಇನ್ನು ಪ್ರಯತ್ನಿಸಲ್ಲ” ಅಂತ ಬರೆಯುತ್ತೆ. ಮಾತು ಮತ್ತು ಯಂತ್ರ ಮಾಡೋ ಕೆಲಸ ಎರಡೂ ಒಂದೇ ಅಳತೆಯವು. (ಅಂದ ಹಾಗೆ, ಆ `Hi. This is the` ಬರೀ ಸ್ನೇಹಕ್ಕೆ ಇದ್ದದ್ದಲ್ಲ. ಆ ಪದಗಳಿಂದ ಶುರುವಾದ ಮೇಲ್ ಅಂದ್ರೆ ಇದು ಕ್ಯೂಮೇಲ್ ವಾಪಸ್ ಕಳಿಸಿದ್ದು ಅಂತ ಬೇರೆ ಪ್ರೋಗ್ರಾಂಗಳೂ ಗುರುತಿಸ್ತಿದ್ದವು.)

ಇಲ್ಲಿಂದ ನೇರ 2022ಕ್ಕೆ, ಕೆನಡಾಕ್ಕೆ ಹೋಗೋಣ. ಈಗ ಮೇಲ್ ಅಲ್ಲ, ಚಾಟ್‌ಬಾಟ್. ಒದ್ದಾಡ್ತಾ ಇರೋದು ವಿಳಾಸ ಅಲ್ಲ, ಅಜ್ಜಿಯನ್ನು ಕಳೆದುಕೊಂಡ ಒಬ್ಬ ಮೊಮ್ಮಗ.

ನವೆಂಬರ್ 11ರಂದು ಅಜ್ಜಿ ತೀರಿಕೊಂಡರು. ಅವರು ವ್ಯಾಂಕೂವರ್‌ನಿಂದ ಟೊರೊಂಟೊಗೆ ಹೋಗಬೇಕು. ಮನೆಯವರು ಸತ್ತಾಗ ಪ್ರಯಾಣಿಸೋರಿಗೆ ಏರ್ ಕೆನಡಾದಲ್ಲಿ ಕಡಿಮೆ ದರ ಇತ್ತು. ಅದೇ ದಿನ ವೆಬ್‌ಸೈಟಿನ ಚಾಟ್‌ಬಾಟನ್ನು ಕೇಳಿದರು. ಈಗಲೇ ಹೋಗಬೇಕಿದ್ದರೆ ಅಥವಾ ಆಗಲೇ ಹೋಗಿಬಂದಿದ್ದರೆ, ಟಿಕೆಟ್ ಕೊಟ್ಟ 90 ದಿನದೊಳಗೆ ಅರ್ಜಿ ಹಾಕಿ ಕಡಿಮೆ ದರ ಪಡೀಬಹುದು ಅಂತ ಬಾಟ್ ಹೇಳಿತು. ಅವರು ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತಗೊಂಡರು. ನವೆಂಬರ್ 17ಕ್ಕೆ, ಗಡುವಿನ ಒಳಗೇ, ಅರ್ಜಿ ಹಾಕಿದರು.

ಬಾಟ್ ಹೇಳಿದ್ದು ಸಂಸ್ಥೆಯ ನಿಯಮಕ್ಕೆ ಉಲ್ಟಾ ಇತ್ತು. ಪ್ರಯಾಣ ಮುಗಿದ ಮೇಲೆ ಆ ದರ ಕೊಡಲ್ಲ ಅನ್ನೋದೇ ನಿಯಮ. ಬಾಟ್ ಕೊಟ್ಟ ಅದೇ ಉತ್ತರದಲ್ಲಿ ಒಂದು ಲಿಂಕ್ ಇತ್ತು. ಒತ್ತಿದರೆ ಆ ನಿಯಮದ ಪುಟ ತೆರೆಯುತ್ತಿತ್ತು. 2023ರ ಫೆಬ್ರವರಿಯಲ್ಲಿ ಅವರು ಸ್ಕ್ರೀನ್‌ಶಾಟ್ ಕಳಿಸಿದಾಗ, ಬಾಟಿನ ಮಾತು ದಾರಿ ತಪ್ಪಿಸೋ ಹಾಗಿತ್ತು ಅಂತ ಸಿಬ್ಬಂದಿಯೊಬ್ಬರು ಒಪ್ಪಿಕೊಂಡರು. ದುಡ್ಡು ಮಾತ್ರ ಬರಲಿಲ್ಲ. 200 ಡಾಲರಿನ ಕೂಪನ್ ಕೊಡ್ತೀವಿ ಅಂದರು, ಇವರು ಬೇಡ ಅಂದರು.

ವಿಷಯ ಬ್ರಿಟಿಷ್ ಕೊಲಂಬಿಯಾದ ಸಿವಿಲ್ ರೆಸಲ್ಯೂಷನ್ ಟ್ರಿಬ್ಯೂನಲ್‌ಗೆ ಹೋಯಿತು. ಅಲ್ಲಿ ಏರ್ ಕೆನಡಾ ಮಂಡಿಸಿದ ವಾದದ ತಾತ್ಪರ್ಯ, ಚಾಟ್‌ಬಾಟ್ ಕೊಟ್ಟ ಮಾಹಿತಿಗೆ ತಾನು ಹೊಣೆ ಅಲ್ಲ ಅಂತ. ಅಂದ್ರೆ ಬಾಟ್ ತನ್ನ ಮಾತಿಗೆ ತಾನೇ ಜವಾಬ್ದಾರ ಅಂದ ಹಾಗಾಯ್ತಲ್ಲ ಅಂತ ತೀರ್ಪು ಬರೆದವರು ಆಶ್ಚರ್ಯಪಟ್ಟಿದ್ದಾರೆ. ವೆಬ್‌ಸೈಟಿನಲ್ಲಿ ಇರೋದಕ್ಕೆಲ್ಲ ಸಂಸ್ಥೆಯೇ ಹೊಣೆ, ಅದು ಪುಟವಾದರೂ ಸರಿ, ಬಾಟ್ ಆದರೂ ಸರಿ. ಒಂದು ಪುಟದಲ್ಲಿ ಓದಿದ್ದನ್ನು ಇನ್ನೊಂದು ಪುಟದಲ್ಲಿ ಹೋಗಿ ತಾಳೆ ನೋಡಬೇಕು ಅಂತ ಗ್ರಾಹಕರಿಗೆ ಹೇಗೆ ಗೊತ್ತಾಗಬೇಕು? 2024ರ ಫೆಬ್ರವರಿ 14ರಂದು ಬಂದ ತೀರ್ಪಿನಲ್ಲಿ 650.88 ಕೆನಡಾ ಡಾಲರ್ ಪರಿಹಾರ, ಅದರ ಮೇಲೆ ಬಡ್ಡಿ ಮತ್ತು ಶುಲ್ಕ ಕೊಡಿ ಅಂತ ಆದೇಶ ಆಯ್ತು.

ಮೊತ್ತ ಚಿಕ್ಕದು. ಆದರೆ ಎಡವಿದ್ದು ಎಲ್ಲಿ ಅಂತ ನೋಡಿ. ಬಾಟ್ ಒರಟಾಗಿ ಮಾತಾಡಿರಲಿಲ್ಲ. ವಿನಯವಾಗಿಯೇ ಉತ್ತರ ಕೊಟ್ಟಿತ್ತು. ಹೇಳಬೇಕಾಗಿದ್ದ ಒಂದೇ ಒಂದು ಕಹಿ ವಾಕ್ಯ ಅದರ ಬಾಯಿಂದ ಬರಲಿಲ್ಲ, ಲಿಂಕಿನ ಹಿಂದೆ ಉಳೀತು.

ಆ ಉತ್ತರವನ್ನು ನಾನು ಬರೆಯೋದಾದರೆ, ಮೊದಲು ಒಂದು ಹಾಳೆ ತಗೊಂಡು ಯಂತ್ರಕ್ಕೆ ನಿಜವಾಗಿ ಏನು ಗೊತ್ತು ಅಂತ ಬರ್ಕೊಳ್ತೀನಿ. ಮೆಸೇಜ್ ಬಂದಿದೆ, ಅದರಲ್ಲಿ ಸಾವಿನ ವಿಷಯ ಇದೆ, ನಿಯಮದ ಪುಟ ಹೀಗೆ ಹೇಳುತ್ತೆ. ಗೊತ್ತಿಲ್ಲದ್ದು: ಇವರಿಗೆ ಆ ದರ ಸಿಗುತ್ತಾ, ಇಲ್ವಾ. ಆಮೇಲೆ ಹೀಗೆ ಬರೀತೀನಿ:

“ನಮಸ್ಕಾರ. ಇದು ಟಿಕೆಟ್ ವಿಭಾಗದ ಆಟೊಮ್ಯಾಟಿಕ್ ಉತ್ತರ. ನಿಮ್ಮ ಮನೆಯಲ್ಲಿ ಸಾವಾಗಿದೆ ಅಂತ ಬರೆದಿದ್ದೀರಿ, ದುಃಖದ ಸಂಗತಿ. ದಯವಿಟ್ಟು ಟಿಕೆಟ್ ತೆಗೆದುಕೊಳ್ಳುವ ಮೊದಲೇ ಇದನ್ನು ಓದಿ: ಈ ಕಡಿಮೆ ದರವನ್ನು ಪ್ರಯಾಣಕ್ಕೆ ಮುಂಚೆ ಕೇಳಬೇಕು, ಹೋಗಿಬಂದ ಮೇಲೆ ಸಿಗುವುದಿಲ್ಲ. ನಿಮಗೆ ಸಿಗುತ್ತದೆಯೇ ಎಂದು ಇಲ್ಲಿ ಹೇಳಲು ಆಗುವುದಿಲ್ಲ. ಈ ನಂಬರಿಗೆ ಫೋನ್ ಮಾಡಿದರೆ ಸಿಬ್ಬಂದಿ ನೋಡಿ ಹೇಳುತ್ತಾರೆ.”

ಸಂತಾಪ ಒಂದೇ ಒಂದು ಪುಟ್ಟ ವಾಕ್ಯ. ಸಾವಿನ ಮನೆಗೆ ಹೋದವರು ಭಾಷಣ ಮಾಡಲ್ಲ. ಹೂವು ತಂದ್ರಾ, ಗಾಡಿಗೆ ಹೇಳಿದ್ರಾ ಅಂತ ಕೇಳ್ತಾರೆ. “ನಿಮಗಾದ ಅನಾನುಕೂಲತೆಗಾಗಿ ವಿಷಾದಿಸುತ್ತೇವೆ” ಅನ್ನೋ ರೈಲ್ವೆ ಸ್ಟೇಷನ್ನಿನ ಮೈಕಿನ ಕನ್ನಡ ಇಲ್ಲಿ ಬೇಡವೇ ಬೇಡ. “ನಿಮ್ಮ ನೋವು ನಮಗೆ ಅರ್ಥವಾಗುತ್ತದೆ” ಅನ್ನೋದೂ ಬೇಡ, ಯಾಕಂದ್ರೆ ಅರ್ಥ ಆಗಿಲ್ಲ.

ಇನ್ನು ‘ಶೀಘ್ರವೇ’ ಅನ್ನೋ ಪದ. ಹೊತ್ತು ಹೇಳಬೇಕಾದರೆ ಸರಾಸರಿ ನೋಡಬಾರದು. ಉದಾಹರಣೆಗೆ, ಒಂದು ಆಫೀಸಿನ ಸರಾಸರಿ ಆರು ಗಂಟೆ ಅಂತಿಟ್ಕೊಳ್ಳಿ. ಶನಿವಾರ ರಾತ್ರಿ ಬರೆದವರಿಗೆ ಉತ್ತರ ಸಿಗೋದು ಸೋಮವಾರ ಮಧ್ಯಾಹ್ನ. “ಆರು ಗಂಟೆಯಲ್ಲಿ” ಅಂದರೆ ಅವರಿಗೆ ಸುಳ್ಳು ಹೇಳಿದ ಹಾಗೆ. ನಾವು ಹತ್ತರಲ್ಲಿ ಒಂಬತ್ತು ಜನಕ್ಕೆ ಎಷ್ಟು ಹೊತ್ತಿನೊಳಗೆ ಉತ್ತರ ಹೋಗಿದೆ ಅಂತ ನೋಡಿ, ಅದನ್ನು ದಿನ ಮತ್ತು ಗಂಟೆಯಲ್ಲಿ ಬರೀತಿದ್ವಿ: “ಸೋಮವಾರ ಸಂಜೆ 6ರೊಳಗೆ.” ಉಳಿದ ಆ ಒಬ್ಬರಿಗೆ, ಸಂಜೆ 6 ದಾಟಿದ ತಕ್ಷಣ, ಯಾರೂ ನೆನಪಿಸದೇ ಎರಡನೇ ಮೆಸೇಜ್ ಹೋಗಬೇಕು: “6ರೊಳಗೆ ಅಂದಿದ್ದೆವು, ಆಗಲಿಲ್ಲ. ನಿಮ್ಮ ಅರ್ಜಿ ಇನ್ನೂ ಸಾಲಿನಲ್ಲೇ ಇದೆ.” ಈ ಎರಡನೇ ಮೆಸೇಜನ್ನು ಒಪ್ಪಿಸೋದು ಎಲ್ಲಕ್ಕಿಂತ ಕಷ್ಟ. ತಡ ಆಗಿದ್ದನ್ನು ನಾವೇ ಯಾಕೆ ಹೇಳಬೇಕು ಅಂತ ಮೇಲಿನವರು ಕೇಳ್ತಾರೆ. ಅಂಥ ಮೀಟಿಂಗಿಗೆ ನಾನು ಕ್ಯೂಮೇಲ್‌ನ ಆ ಐದು ಸಾಲುಗಳ ಪ್ರಿಂಟ್ ತಗೊಂಡು ಹೋಗ್ತಿದ್ದೆ. ಒಬ್ಬ ಮ್ಯಾನೇಜರ್ ಅದನ್ನು ಎರಡು ಸಲ ಓದಿ, “ಇದನ್ನ ಬರ್ದಿರೋದು ಮೆಷಿನ್ನಾ?” ಅಂತ ಕೇಳಿದ್ರು. ಬರೆದಿದ್ದು ಮನುಷ್ಯರೇ ಸರ್, ಅಂದೆ.