ಒಡವೆ ಸಾಲದ ಬಡ್ಡಿ: ತಿಂಗಳ ಲೆಕ್ಕದಿಂದ ದಿನದ ಲೆಕ್ಕಕ್ಕೆ

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ನನಗ್ಯಾಕೆ ಬರವಣಿಗೆ ಅಂದೆ. ಆದರೆ ಕೌಂಟರಿನ ಮುಂದೆ ನಿಂತು "ಇಷ್ಟು ಬಡ್ಡಿ ಹೆಂಗಾಯ್ತು?" ಎಂದು ಕೇಳುವವರನ್ನು ಆಗಾಗ ನೋಡುತ್ತೇನೆ. ಆದ್ದರಿಂದ ಒಡವೆ ಸಾಲದ ಬಡ್ಡಿ ಲೆಕ್ಕ ಹೇಗೆ ಬೆಳೆದು ಬಂತು ಎಂಬುದನ್ನೇ ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ಹಿಂದೆ ಬಡ್ಡಿಯನ್ನು ಶೇಕಡಾ ಇಷ್ಟು ಅಂತ ಹೇಳುತ್ತಿರಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. "ರೂಪಾಯಿಗೆ ತಿಂಗಳಿಗೆ ಒಂದು ಪೈ" ಎಂದರೆ ವರ್ಷಕ್ಕೆ 12 ಪೈ, ನೂರಕ್ಕೆ ಆರೂಕಾಲು ರೂಪಾಯಿ. ಮೂರು ಪೈ ಎಂದರೆ ನೂರಕ್ಕೆ ಹದಿನೆಂಟೂ ಮುಕ್ಕಾಲು. ಹಳೇ ಕಾಗದಗಳಲ್ಲಿ ಆರೂಕಾಲು, ಒಂಬತ್ತೂ ಚಿಲ್ಲರೆ ಅಂತ ವಿಚಿತ್ರವಾದ ದರಗಳು ಕಂಡರೆ ಅವು ಇಂಥ ಪೈ ಲೆಕ್ಕದಿಂದ ಬಂದಿರುತ್ತವೆ. 1957ರ ಏಪ್ರಿಲ್ 1ರಿಂದ ನಯಾಪೈಸೆ ಬಂದ ಮೇಲೆ "ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಮೂರು ರೂಪಾಯಿ" ಎಂಬ ಮಾತು ನಿಂತಿತು. ನಾಣ್ಯ ಬದಲಾಯಿತೇ ಹೊರತು ತಿಂಗಳ ಲೆಕ್ಕ ಬದಲಾಗಲಿಲ್ಲ. ಗಿರವಿ ಅಂಗಡಿಯಲ್ಲಿ ತಿಂಗಳಿಗೆ ಒಂದು ದಿನ ಹೆಚ್ಚಾದರೂ ಅದು ಇನ್ನೊಂದು ತಿಂಗಳು!

ಇದನ್ನು ನಾನು ಮನೆಯಲ್ಲೇ ಕಂಡವನು. ನಾನು ಚಿಕ್ಕವನಿದ್ದಾಗ ನಮ್ಮಪ್ಪ ಶೇಂಗಾ ಬೀಜಕ್ಕೆಂದು ಅವ್ವನ ಗುಂಡಿನ ಸರವನ್ನು ಒಂದು ಅಂಗಡಿಯಲ್ಲಿ ಎರಡು ಸಾವಿರಕ್ಕೆ ಇಟ್ಟಿದ್ದರು. ಬಡ್ಡಿ ನೂರಕ್ಕೆ ಮೂರು ರೂಪಾಯಿ. ಮೊದಲ ತಿಂಗಳ 60 ರೂಪಾಯಿ ಅಲ್ಲೇ ಹಿಡಿದುಕೊಂಡು ಕೈಗೆ ಕೊಟ್ಟದ್ದು 1,940. ಮೂರು ತಿಂಗಳು ತುಂಬುವ ದಿನ ಸೋಮವಾರ, ಅಮಾವಾಸ್ಯೆ. ಮಾರನೇ ದಿನ ಮಂಗಳವಾರ, ಬಂಗಾರದ ವ್ಯವಹಾರ ಬೇಡ ಅಂದಳು ಅವ್ವ. ಬುಧವಾರ ಹೋದರೆ ಸಾಹುಕಾರರು ನಾಲ್ಕು ತಿಂಗಳ ಬಡ್ಡಿ 240 ಹಾಕಿದರು. ದಿನದ ಮೇಲೆ ಲೆಕ್ಕ ಹಾಕಿದ್ದರೆ ಮೂರು ತಿಂಗಳಿಗೆ 180, ಎರಡು ದಿನಕ್ಕೆ 4, ಒಟ್ಟು 184 ರೂಪಾಯಿ ಆಗುತ್ತಿತ್ತು. ಅಪ್ಪ ತಂದಿದ್ದ ದುಡ್ಡು ಸಾಲದೆ ಆ ದಿನ ಸರ ಬಿಡಿಸದೇ ವಾಪಸ್ ಬಂದರು. ಅವ್ವ ಏನೂ ಅನ್ನಲಿಲ್ಲ, ಅವತ್ತು ರಾತ್ರಿ ಊಟ ಮಾಡಲಿಲ್ಲ ಅಷ್ಟೇ.

ಸಹಕಾರ ಸಂಘಗಳು ಹುಟ್ಟಿದ್ದೇ ಇಂಥ ಸಾಲದ ಬಾಧೆಯಿಂದ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಂಘ ಕಟ್ಟಿದರು. ಆಗ ಆ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು, ನಮ್ಮ ಚಳ್ಳಕೆರೆ ಮೈಸೂರು ಸಂಸ್ಥಾನದಲ್ಲಿತ್ತು. ಮೈಸೂರಿನಲ್ಲೂ 1905ರಲ್ಲೇ ಸಹಕಾರ ಸಂಘಗಳ ಕಾಯಿದೆ ಆಯಿತು. ಬಡ್ಡಿ ದರ ಇಳಿದದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಎನಿಸುವುದು ದಿನದ ಲೆಕ್ಕ. ಲೆಡ್ಜರಿನಲ್ಲಿ ಅಸಲನ್ನು ದಿನಗಳಿಂದ ಗುಣಿಸಿ ಒಂದು ಕಾಲಮಿನಲ್ಲಿ ಬರೆಯುವುದು, ಅದನ್ನು ದರದಿಂದ ಗುಣಿಸಿ 36,500ರಿಂದ ಭಾಗಿಸುವುದು. ನೂರಕ್ಕೆ ಎಂಬುದರ 100, ವರ್ಷದ ದಿನ 365, ಎರಡನ್ನೂ ಗುಣಿಸಿದರೆ 36,500. ಈಗ ಕಂಪ್ಯೂಟರ್ ಒಳಗೆ ನಡೆಯುವುದೂ ಇದೇ ಲೆಕ್ಕ.

ಒಂದು ಉದಾಹರಣೆ ನೋಡೋಣ. ದರ, ಶುಲ್ಕ ಸಂಸ್ಥೆಯಿಂದ ಸಂಸ್ಥೆಗೆ ಬೇರೆ ಇರುತ್ತವೆ. ಲೆಕ್ಕಕ್ಕೆ ಅಂತ ವರ್ಷಕ್ಕೆ ಶೇ. 12 ಇಟ್ಟುಕೊಳ್ಳೋಣ. ಒಬ್ಬ ರೈತ ಜುಲೈ 12ರಂದು ಬಿತ್ತನೆಗೆ 60,000 ತಗೊಂಡ, ಶೇಂಗಾ ಮಾರಿ ನವೆಂಬರ್ 26ರಂದು ಕಟ್ಟಿದ. ಸಾಲ ಪಡೆದ ದಿನ ಬಿಟ್ಟು ಕಟ್ಟಿದ ದಿನ ಸೇರಿಸಿ ಎಣಿಸಬೇಕು. ಜುಲೈಯಲ್ಲಿ 19, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರ್ 31, ನವೆಂಬರ್ 26, ಒಟ್ಟು 137 ದಿನ. ಎರಡು ತುದಿಯ ದಿನಗಳನ್ನೂ ಸೇರಿಸಿ 138 ಹಾಕಿದ್ದರೆ ಕೇಳಿ. ಒಂದು ದಿನದ ಬಡ್ಡಿ ಹೆಚ್ಚು ಬಿದ್ದಿರುತ್ತದೆ.

60,000 × 137 × 12 ÷ 36,500 = 2,702 ರೂಪಾಯಿ.

ಇದೇ ಸಾಲಕ್ಕೆ, ಇದೇ ದರಕ್ಕೆ ತಿಂಗಳ ಲೆಕ್ಕ ಹಿಡಿದರೆ ನಾಲ್ಕು ತಿಂಗಳು ಹದಿನಾಲ್ಕು ದಿನ ಎಂಬುದು ಐದು ತಿಂಗಳಾಗಿ 3,000 ಬರುತ್ತದೆ. 298 ರೂಪಾಯಿ ಬರೀ ಎಣಿಸುವ ರೀತಿಯಿಂದ ಹೋಯಿತು. ದರ ಕೇಳುವವರು ಬಹಳ, ಎಣಿಕೆ ಕೇಳುವವರು ಕಡಿಮೆ.

ಮಧ್ಯದಲ್ಲಿ ದುಡ್ಡು ಬಂದರೆ ಇಟ್ಟುಕೊಂಡು ಕೂರಬೇಡಿ. ಅದೇ ರೈತ ಕುರಿ ಮಾರಿ ಸೆಪ್ಟೆಂಬರ್ 10ಕ್ಕೆ, ಅಂದರೆ 60ನೇ ದಿನ, 20,000 ಕಟ್ಟಿದ ಅನ್ನಿ. ಮೊದಲು ಅಲ್ಲಿವರೆಗಿನ ಬಡ್ಡಿ 1,184 ಮುರಿಯುತ್ತಾರೆ, ಉಳಿದ 18,816 ಅಸಲಿಗೆ ಹೋಗುತ್ತದೆ. ಅಸಲು 41,184ಕ್ಕೆ ಇಳಿಯಿತು. ಮುಂದಿನ 77 ದಿನಕ್ಕೆ ಬಡ್ಡಿ 1,043. ಒಟ್ಟು 2,227, ಅಂದರೆ 475 ರೂಪಾಯಿ ಉಳಿತಾಯ. "ಇಪ್ಪತ್ತು ಸಾವಿರ ಕಟ್ಟಿದೀನಿ, ನಲವತ್ತೇ ಬಾಕಿ ಇರಬೇಕಲ್ಲ" ಎಂಬ ಜಗಳ ಬರುವುದು ಈ ಮುರಿದುಕೊಳ್ಳುವ ಬಡ್ಡಿ ಗೊತ್ತಿಲ್ಲದ್ದರಿಂದ.

ಇನ್ನು ಶುಲ್ಕ. ಒಡವೆ ತೂಗಿ, ಉಜ್ಜಿ ನೋಡುವ ಅಕ್ಕಸಾಲಿಗರ ಕೂಲಿ, ಅರ್ಜಿ ಫಾರಂ ಇತ್ಯಾದಿ. ಬ್ಯಾಂಕುಗಳಲ್ಲಿ ಈ ಶುಲ್ಕದ ಮೇಲೆ ಶೇ. 18 ಜಿ.ಎಸ್.ಟಿ. ಸೇರುತ್ತದೆ, ಬಡ್ಡಿ ಮೇಲೆ ಜಿ.ಎಸ್.ಟಿ. ಇಲ್ಲ. ಶುಲ್ಕಕ್ಕೆ ದಿನದ ಲೆಕ್ಕವಿಲ್ಲ. ಎಲ್ಲ ಸೇರಿ 300 ಆಯಿತೆನ್ನಿ. 137 ದಿನಕ್ಕೆ ಬಡ್ಡಿ, ಶುಲ್ಕ ಸೇರಿ 3,002. ವರ್ಷಕ್ಕೆ ಹಾಕಿ ನೋಡಿದರೆ ಶೇ. 12 ಎಂಬುದು ಶೇ. 13.3 ಆಗುತ್ತದೆ, ದೊಡ್ಡದೇನಲ್ಲ. ಆದರೆ ಇಪ್ಪತ್ತೇ ದಿನಕ್ಕೆ ಬಿಡಿಸಿಕೊಂಡರೆ ಬಡ್ಡಿ 395, ಶುಲ್ಕ ಅದೇ 300. ಆಗ ನಿಜವಾದ ದರ ಶೇ. 21 ದಾಟುತ್ತದೆ. ಅದಕ್ಕೇ ಎಂಟು-ಹತ್ತು ದಿನದ ಅಡಚಣೆಗೆ ಒಡವೆ ಇಡುವ ಮುಂಚೆ ಶುಲ್ಕ ಎಷ್ಟೆಂದು ಕೇಳಿಕೊಳ್ಳುವುದು ಒಳ್ಳೆಯದು.

ವಾಯಿದೆ ಮೀರಿದವರ ಕಥೆ ಬೇರೆ. ಬಡ್ಡಿ ಕಟ್ಟದೆ ಬರೀ ಚೀಟಿ ಬದಲಾಯಿಸಿದರೆ ಹಳೇ ಬಡ್ಡಿ ಹೊಸ ಅಸಲಿಗೆ ಸೇರುತ್ತದೆ. ಮೇಲಿನ ರೈತ ಒಂದು ವರ್ಷ ಬಿಟ್ಟರೆ ಬಡ್ಡಿ 7,200, ಹೊಸ ಚೀಟಿ 67,200ಕ್ಕೆ. ಎರಡನೇ ವರ್ಷದ ಬಡ್ಡಿ 8,064. ಹೆಚ್ಚಾದ 864 ರೂಪಾಯಿ ಬಡ್ಡಿಗೆ ಬಿದ್ದ ಬಡ್ಡಿ. ಬಡ್ಡಿಯಷ್ಟನ್ನಾದರೂ ಕಟ್ಟಿ ಚೀಟಿ ಬದಲಾಯಿಸಿದರೆ ಅಸಲು 60,000ದಲ್ಲೇ ನಿಲ್ಲುತ್ತದೆ. ಹೊಸ ಚೀಟಿಯಲ್ಲಿ ಅಸಲು ಎಷ್ಟೆಂದು ಬರೆದಿದ್ದಾರೆ ಎಂದು ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಇಲ್ಲಿವರೆಗೆ ದಿನ ತಪ್ಪಿದರೆ ದಂಡ ತೆರುತ್ತಿದ್ದವನು ಸಾಲಗಾರನೊಬ್ಬನೇ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ಹೊರಡಿಸಿ, ಅದನ್ನು ಪಾಲಿಸಲು 2026ರ ಏಪ್ರಿಲ್ 1ರ ಗಡುವು ಕೊಟ್ಟಿತು. ಅದರ ಪ್ರಕಾರ ಪೂರ್ತಿ ಸಾಲ ತೀರಿಸಿದವರಿಗೆ ಅದೇ ದಿನ, ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಒಡವೆ ಕೊಡಬೇಕು. ತಮ್ಮ ತಪ್ಪಿನಿಂದ ತಡವಾದರೆ ಸಾಲ ಕೊಟ್ಟವರು ದಿನಕ್ಕೆ 5,000 ರೂಪಾಯಿ ಪರಿಹಾರ ತೆರಬೇಕು. ಇದು ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ಅನ್ವಯಿಸುತ್ತದೆ. ನಮ್ಮಂಥ ಹಳ್ಳಿಯ ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ. ಆದರೂ ಹಣ ಕಟ್ಟಿದ ದಿನವೇ ಒಡವೆ ಕೈಗೆ ಸಿಗಬೇಕು ಎಂಬ ನಿಯಮವನ್ನು ನಮ್ಮ ಆಡಳಿತ ಮಂಡಳಿಯೂ ಬರಹದಲ್ಲಿ ಮಾಡಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಬರುವ ಸಭೆಯಲ್ಲಿ ಈ ವಿಷಯ ಇಡುವವನಿದ್ದೇನೆ.