‘ಅಂತೆ’ ಬಿಟ್ಟುಹೋದ ಕಡೆ: ಮಾಗಡಿ ಸೀಮೆಯ ಐತಿಹ್ಯವೊಂದರಲ್ಲಿ ಸಾಕ್ಷ್ಯಸೂಚಕತೆ ಮತ್ತು ಅಚ್ಚರಿಸೂಚಕತೆ

ಟರ್ಕಿಷ್ ಭಾಷೆಯ ಕ್ರಿಯಾಪದದಲ್ಲಿ ಕೇಳಿದ ಸುದ್ದಿಗೂ ಅನಿರೀಕ್ಷಿತವಾಗಿ ಕಂಡದ್ದಕ್ಕೂ ಒಂದೇ ಪ್ರತ್ಯಯ ಬಳಕೆಯಾಗುತ್ತದೆಂಬುದನ್ನು ಸ್ಲೋಬಿನ್ ಮತ್ತು ಅಕ್ಸು 1982ರಲ್ಲಿ ವಿವರಿಸಿದರು. ಅಚ್ಚರಿಸೂಚಕತೆಯನ್ನು, ಅಂದರೆ ಮಿರಾಟಿವಿಟಿಯನ್ನು, ಪ್ರತ್ಯೇಕ ವ್ಯಾಕರಣವರ್ಗವೆಂದು ಡಿಲ್ಯಾನ್ಸಿ 1997ರಲ್ಲಿ ವಾದಿಸಿದರು. ಹಿಲ್ 2012ರಲ್ಲಿ ಆ ವಾದವನ್ನು ನಿರಾಕರಿಸಿದರು. ಈ ಚರ್ಚೆಯ ಬಹುಪಾಲು ಕ್ರಿಯಾರೂಪಗಳ ಸಿದ್ಧ ಶ್ರೇಣಿಯುಳ್ಳ ಭಾಷೆಗಳನ್ನು ಆಧರಿಸಿದೆ. ಅಂಥ ಶ್ರೇಣಿಯಿಲ್ಲದ ಕನ್ನಡದಲ್ಲಿ ಕಥನವನ್ನು ಆಧಾರವಾಗಿಟ್ಟುಕೊಂಡು ಏನನ್ನು ಸಾಧಿಸಬಹುದು, ಏನನ್ನು ಸಾಧಿಸಲಾಗದು ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಕನ್ನಡದ ‘ಅಂತೆ’ ಕ್ರಿಯಾಪದದ ರೂಪಾವಳಿಯೊಳಗೆ ಸೇರದು. ಲಿಂಗ, ವಚನ, ಪುರುಷಗಳ ಪ್ರತ್ಯಯ ಹತ್ತಿದ ಮೇಲೆ ಅದು ಬರುತ್ತದೆ. ‘ಬಂದನಂತೆ’, ‘ಬರುವುದಿಲ್ಲವಂತೆ’, ‘ಅವರು ವೈದ್ಯರಂತೆ’ ಎಂದು ಎಲ್ಲ ಬಗೆಯ ಆಖ್ಯಾತಕ್ಕೂ ಹೊಂದುತ್ತದೆ. ಹಳಗನ್ನಡದ ‘ಗಡ’ ಎಂಬ ಅವ್ಯಯವನ್ನು ಇದರೊಡನೆ ಹೋಲಿಸಬಹುದು. ಕಾವ್ಯಗಳ ಟಿಪ್ಪಣಿಕಾರರು ಅದಕ್ಕೆ ಒಮ್ಮೆ ‘ಅಂತೆ’ ಎಂದೂ ಒಮ್ಮೆ ‘ಅಲ್ಲವೇ’ ಎಂದೂ ಒಮ್ಮೆ ಅಚ್ಚರಿಯೆಂದೂ ಅರ್ಥ ಬರೆಯುತ್ತಾರೆ. ಅವ್ಯಯವೆಂಬ ವರ್ಗ ಇಂಥ ಪದಗಳಿಗೆ ಸ್ಥಾನ ಕೊಟ್ಟಿತು. ಆದರೆ ಕೇಳಿದ ಸುದ್ದಿ ಎಲ್ಲಿ ಮುಗಿದು ಅಚ್ಚರಿ ಎಲ್ಲಿ ಮೊದಲಾಗುತ್ತದೆಂಬ ಪ್ರಶ್ನೆಯನ್ನು ಅದು ಎತ್ತಲಿಲ್ಲ.

ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಐತಿಹ್ಯ ಇದಕ್ಕೆ ತಕ್ಕ ನಿದರ್ಶನ. ಬೆಂಗಳೂರಿನ ಕೋಟೆ ಕಟ್ಟಲಾರಂಭಿಸಿದ್ದು 1537ರಲ್ಲೆಂಬುದು ರೂಢಿಯ ಕಾಲನಿರ್ದೇಶ. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಗೆದ್ದ ಮೇಲೆ ಈ ಮನೆತನ ಮಾಗಡಿಯಿಂದ ಆಳಿತು; ಅದರ ಹೆಸರು ಇಂದಿಗೂ ಆ ಸೀಮೆಗೆ ಅಂಟಿಕೊಂಡಿದೆ. ಕಥೆಯ ತಿರುಳಿಗೆ ಹೊಂದುವಂತೆ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಆಡುಮಾತಿನ ಧಾಟಿಯಲ್ಲಿ ನಾವೇ ರಚಿಸಿದ ಮೂರು ವಾಕ್ಯಗಳಿವು:

(1) ರಾತ್ರಿ ಆಯ್ತಿದ್ದಂಗೆ ಕೋಟೆ ಬಾಗ್ಲು ಬಿದ್ದೋಯ್ತಿತ್ತಂತೆ.
(2) ಸೊಸೆ ಲಕ್ಷ್ಮಮ್ಮ ಯಾರ್ಗೂ ಹೇಳ್ದೆ ಎದ್ದು ಹೋದ್ಳಂತೆ.
(3) ಬೆಳಿಗ್ಗೆ ಹೋಗಿ ನೋಡುದ್ರೆ, ಬಾಗ್ಲು ನಿಂತ್ಬುಟ್ಟೈತೆ!

ಮೂರನೆಯ ವಾಕ್ಯದಲ್ಲಿ ‘ಅಂತೆ’ ಇಲ್ಲ. ‘ಅಂತೆ’ ಪರೋಕ್ಷ, ಅದಿಲ್ಲದ್ದು ಪ್ರತ್ಯಕ್ಷ ಎಂದು ಎರಡು ಮನೆ ಮಾಡಿ ಉದಾಹರಣೆಗಳನ್ನು ಎಣಿಸಿದರೆ ಈ ವಾಕ್ಯ ಪ್ರತ್ಯಕ್ಷದ ಮನೆಗೆ ಬೀಳುತ್ತದೆ. ಆದರೆ ಸುಮಾರು ಐದು ಶತಮಾನ ಹಿಂದಿನ ಬಾಗಿಲನ್ನು ಕಥೆ ಹೇಳುವವರು ಕಂಡಿರಲಾರರು. ಕೇಳುಗರೂ ಹಾಗೆಂದು ಭಾವಿಸರು. ಆದ್ದರಿಂದ ‘ಅಂತೆ’ ಇಲ್ಲದ ರೂಪ ಪ್ರತ್ಯಕ್ಷಸೂಚಕವಲ್ಲ, ಆಕರದ ವಿಷಯದಲ್ಲಿ ಅದು ಮೌನವಾಗಿದೆ. ಸಾಕ್ಷಿಯೇ ಸಾಧ್ಯವಿಲ್ಲದ ಐತಿಹ್ಯ ಈ ವಾದಕ್ಕೆ ಅನುಭವಕಥನಕ್ಕಿಂತ ಹೆಚ್ಚು ಉಪಯುಕ್ತ: ಅನುಭವಕಥನದಲ್ಲಿ ‘ಅಂತೆ’ ಇಲ್ಲದಿರುವುದಕ್ಕೆ ‘ಕಂಡಿದ್ದರಿಂದ’ ಎಂಬ ವಿವರಣೆ ಸದಾ ಉಳಿದಿರುತ್ತದೆ.

‘ಅಂತೆ’ಯ ಸಾಕ್ಷ್ಯಸೂಚಕತೆಯನ್ನು ಕಥೆಯ ಹೊರಗಿನ ಪರೀಕ್ಷೆಗಳಿಂದ ಸ್ಥಾಪಿಸಬೇಕು. ವಾಕ್ಯ (1)ಕ್ಕೆ ಯಾರಾದರೂ ‘ಸುಳ್ಳು’ ಎಂದರೆ ಬಾಗಿಲು ಬೀಳುತ್ತಿದ್ದುದನ್ನು ನಿರಾಕರಿಸಿದಂತೆಯೇ ಹೊರತು, ಹೇಳುವವರು ಅದನ್ನು ಕೇಳಿದ್ದರೆಂಬುದನ್ನಲ್ಲ. ‘ನಾನು ಮಗುವಾಗಿದ್ದಾಗ ಬಹಳ ಅಳುತ್ತಿದ್ದೆನಂತೆ’ ಎಂಬಲ್ಲಿ ಕ್ರಿಯೆ ತನ್ನದೇ ಆದರೂ ಅರಿವು ಇತರರದು. ‘ಯಾವಾಗ ಬರುತ್ತಾನಂತೆ?’ ಎಂಬ ಪ್ರಶ್ನೆಯಲ್ಲಿ ಸುದ್ದಿ ಕೇಳಿರಬೇಕಾದವನು ಉತ್ತರ ಕೊಡುವವನು. ಈ ಮೂರೂ ನಡವಳಿಕೆಗಳು ಕೂಡಿ, ರೂಪಾವಳಿಯಿಲ್ಲದೆಯೂ ‘ಅಂತೆ’ ಸಾಕ್ಷ್ಯಸೂಚಕವೆಂಬುದನ್ನು ಸಮರ್ಥಿಸುತ್ತವೆ.

ಅಚ್ಚರಿಯ ವಿಷಯ ಇಷ್ಟು ಸುಲಭವಲ್ಲ. ವಾಕ್ಯ (3)ರ ಅಚ್ಚರಿ ‘ಬಿಡು’ ಧಾತುವಿನದೇ? ‘ದಿನಾ ಆರು ಗಂಟೆಗೇ ಎದ್ದುಬಿಡುತ್ತೇನೆ’ ಎಂಬಲ್ಲಿ ‘ಬಿಡು’ ಇದೆ, ಅಚ್ಚರಿಯಿಲ್ಲ. ‘ಐತೆ’ ಎಂಬ ವರ್ತಮಾನರೂಪದ್ದೇ? ‘ಅಂಗಡಿ ತೆಗೆದೈತೆ’ ಎಂಬುದು ಬರಿಯ ಮಾಹಿತಿಯಾಗಬಲ್ಲದು. ಉಳಿಯುವುದು ‘ನೋಡಿದರೆ’ ಎಂಬ ರಚನೆ. ಅದು ಸಾಮಾನ್ಯ ಷರತ್ತಲ್ಲ. ‘ನೋಡದಿದ್ದರೆ ಬಾಗಿಲು ನಿಲ್ಲುತ್ತಿರಲಿಲ್ಲ’ ಎಂಬ ಅರ್ಥ ಅಲ್ಲಿಂದ ಹೊರಡದು. ಅದರ ಮುಂದೆ ‘ಬಾಗ್ಲು ಎಂದಿನಂಗೇ ಬಿದ್ದಿತ್ತು’ ಎಂದು ಹಾಕಿದರೂ ವಾಕ್ಯ ಸಲ್ಲುತ್ತದೆ. ಆದರೆ ಆ ದಿನವಾದರೂ ಬಾಗಿಲು ನಿಂತಿರಬಹುದೆಂಬ ನಿರೀಕ್ಷೆಯೊಂದು ಒಡನೆ ಹುಟ್ಟಿ ಮುರಿಯುತ್ತದೆ. ಹೀಗೆ ರಚನೆ ನಿರೀಕ್ಷೆಯ ಭಂಗವನ್ನು ತಾನೇ ತಂದುಕೊಳ್ಳುತ್ತದೆ. ‘ಬಿಡು’ ಮತ್ತು ವರ್ತಮಾನರೂಪ ಅದಕ್ಕೆ ಒತ್ತು ಕೊಡುತ್ತವೆ.

ಈ ಅಚ್ಚರಿ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಹೇಳುವವರಿಗೆ ಕಥೆ ಗೊತ್ತು. ಕೇಳುವವರಿಗೂ ಹಲವು ವೇಳೆ ಗೊತ್ತು. ಅಚ್ಚರಿಪಡುವವರು ಬೆಳಿಗ್ಗೆ ಕೋಟೆಯ ಬಳಿ ಹೋದವರು. ಹೇಳುವವರ ಮನಸ್ಸಿಗೆ ಹೊಸದಾದ ಸಂಗತಿಯೆಂಬ ಅಚ್ಚರಿಸೂಚಕತೆಯ ವ್ಯಾಖ್ಯೆ ಇಲ್ಲಿ ಹೊಂದದು. ಪಾತ್ರದ ದೃಷ್ಟಿಗೆ ಹೊಸದಾದದ್ದು ಎಂದು ಅದನ್ನು ಹಿಗ್ಗಿಸಬೇಕಾಗುತ್ತದೆ. ‘ಅಂತೆ’ ಬಿಟ್ಟುಹೋಗುವುದಕ್ಕೂ ಇದೇ ವಿವರಣೆ ಸಾಲುತ್ತದೆ: ‘ಅಂತೆ’ ನಿರೂಪಕರನ್ನು ನೆನಪಿಸುವ ಗುರುತು, ದೃಷ್ಟಿ ಪಾತ್ರಕ್ಕೆ ಹೊರಳಿದಾಗ ಅದಕ್ಕೆ ಕೆಲಸವಿಲ್ಲ. ಆದರೂ ಅಲ್ಲಿ ಅದು ನಿಷಿದ್ಧವಲ್ಲ. ‘ನಿಂತ್ಬುಟ್ಟಿತ್ತಂತೆ’ ಎಂದೂ ಹೇಳಬಹುದು. ಆದಕಾರಣ ಕಥನವೊಂದೇ ಕನ್ನಡದಲ್ಲಿ ಅಚ್ಚರಿಸೂಚಕ ವ್ಯಾಕರಣವರ್ಗವನ್ನು ಸಾಧಿಸಿಕೊಡದು. ‘ನೋಡಿದರೆ’ ರಚನೆಯ ಮಟ್ಟದಲ್ಲಿ ಅಚ್ಚರಿ ನೆಲೆಗೊಂಡಿದೆಯೆಂದು ಹೇಳಲು ಮಾತ್ರ ಈ ಸಾಮಗ್ರಿ ಅವಕಾಶ ಕೊಡುತ್ತದೆ.